ಸಣ್ಣ ಊರಿನ ಕೆಲಸವೋ, ದೊಡ್ಡ ನಗರವೋ: ಹೂಂ ಅನ್ನುವ ಮೊದಲು ಮಾಡಬೇಕಾದ ಲೆಕ್ಕ

ಎರಡು ಕೆಲಸ ಕೈಯಲ್ಲಿವೆ. ಒಂದು ಸಣ್ಣ ಊರಿನಲ್ಲಿ, ಸಂಬಳ ಕಮ್ಮಿ. ಇನ್ನೊಂದು ದೊಡ್ಡ ನಗರದಲ್ಲಿ, ಸಂಬಳ ಒಂದೂವರೆ ಪಟ್ಟು. ಇಂಥ ಹೊತ್ತಿನಲ್ಲಿ ತುಂಬಾ ಜನ ಎಡವುವುದು ಒಂದೇ ಜಾಗದಲ್ಲಿ. ಮೊದಲು ಸಂಬಳ ನೋಡುತ್ತಾರೆ, ಖುಷಿಯಲ್ಲಿ ಹೂಂ ಅಂದುಬಿಡುತ್ತಾರೆ, ಆಮೇಲೆ ಬಾಡಿಗೆ ಮನೆ ಹುಡುಕುತ್ತಾರೆ, ಉಳಿತಾಯದ ಲೆಕ್ಕ ಮೂರನೇ ತಿಂಗಳಿಗೆ ನೆನಪಾಗುತ್ತದೆ, ಮನೆಯವರ ವಿಷಯ ಏನಾದರೂ ಆದಾಗಲೇ ಬರುತ್ತದೆ. ಈ ಸರಣಿಯನ್ನು ಪೂರ್ತಿ ತಿರುಗಿಸಬೇಕು. ಮೊದಲು ಮನೆಯವರು, ಆಮೇಲೆ ಬಾಡಿಗೆ, ಸಂಬಳ ಮೂರನೆಯದು.

ಸುಮ್ನೆ ಓದಿ ಬಿಡಬೇಡಿ, ಜೊತೆಜೊತೆಗೆ ನಿಮ್ಮ ಲೆಕ್ಕವನ್ನೂ ಬರೆಯುತ್ತಾ ಹೋಗಿ. ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡೂ ಕೆಲಸದ ಆಫರ್ ಲೆಟರ್, ಮತ್ತೆ ಆ ನಗರದಲ್ಲಿ ಈಗ ಬಾಡಿಗೆ ಕೊಟ್ಟು ಬದುಕುತ್ತಿರುವ ಒಬ್ಬರ ಫೋನ್ ನಂಬರ್. ಹತ್ತು ವರ್ಷದ ಹಿಂದೆ ಅಲ್ಲಿದ್ದು ಬಂದವರ ಮಾತು ಈ ಲೆಕ್ಕಕ್ಕೆ ಬರುವುದಿಲ್ಲ.

ಉದಾಹರಣೆಗೆ ಒಬ್ಬ ಅಕೌಂಟೆಂಟ್ ಹುಡುಗನನ್ನು ಇಟ್ಟುಕೊಳ್ಳೋಣ. ಸಣ್ಣ ಊರಿನಲ್ಲಿ ಅಪ್ಪ ಅಮ್ಮನ ಜೊತೆ ಸ್ವಂತ ಮನೆಯಲ್ಲಿದ್ದಾನೆ. ದುಡ್ಡಿನ ಬೆಲೆ ಊರಿಂದೂರಿಗೆ ಬೇರೆ, ಹಾಗಾಗಿ ಅವನಿಗೆ ಊರಿನಲ್ಲಿ ತಿಂಗಳಿಗೆ ಕೈಗೆ ಬರುವ ಸಂಬಳವನ್ನು 100 ಅಂತ ಹಿಡಿಯೋಣ. ಉಳಿದದ್ದೆಲ್ಲ ಆ 100ರ ಅಳತೆಯಲ್ಲಿ. ನಿಮ್ಮ ಸಂಬಳವನ್ನೂ ಹೀಗೇ 100 ಮಾಡಿಕೊಂಡರೆ ಹೋಲಿಸಿ ನೋಡುವುದು ಸುಲಭ.

## 1. ಮೊದಲು ಮನೆಯ ಕೆಲಸಗಳ ಪಟ್ಟಿ ಮಾಡಿ

"ಮನೆಯವರನ್ನು ಬಿಟ್ಟು ಹೋಗಬೇಕಾ?" ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ, ಬರೀ ಬೇಜಾರಾಗುತ್ತದೆ. ಅದರ ಬದಲು ಒಂದು ವಾರ ಪೂರ್ತಿ ನೀವು ಮನೆಗೆ ಏನೇನು ಮಾಡುತ್ತೀರಿ ಅಂತ ಬರೆಯಿರಿ. ಸಣ್ಣದು ಅಂತ ಬಿಡಬೇಡಿ. ಅಮ್ಮನ ಬಿಪಿ ಮಾತ್ರೆ ತಂದದ್ದು, ಅಪ್ಪನ ಫೋನಿಗೆ ಬಂದ ಬ್ಯಾಂಕಿನ ಮೆಸೇಜ್ ಓದಿ ಹೇಳಿದ್ದು, ನೀರಿನ ಮೋಟಾರು ಕೆಟ್ಟಾಗ ರಿಪೇರಿಯವರನ್ನು ಕರೆತಂದದ್ದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅವರು ಹೇಳಿದ್ದನ್ನು ನೆನಪಿಟ್ಟುಕೊಂಡದ್ದು. ವಾರ ಮುಗಿಯುವಾಗ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಆಗಿರುತ್ತದೆ.

ಈಗ ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆಯಿರಿ. ನೀವು ಇಲ್ಲದಾಗ ಇದನ್ನು ಮಾಡುವವರು ಯಾರು? ತಂಗಿ, ಚಿಕ್ಕಪ್ಪ, ಪಕ್ಕದ ಮನೆಯವರು, ಸಂಬಳಕ್ಕೆ ಬರುವವರು, ಯಾರೇ ಆಗಲಿ. "ಯಾರಾದರೂ ಮಾಡ್ತಾರೆ" ಅಂತ ಬರೆಯಬೇಡಿ, ಹಾಗೆ ಬರೆದದ್ದು ಯಾರೂ ಮಾಡದೆ ಉಳಿಯುತ್ತದೆ. ಹೆಸರು ಬರೆದವರನ್ನು ಹೋಗಿ ಕೇಳಿ, ಅವರ ಬಾಯಿಂದಲೇ ಹೂಂ ಅನ್ನಿಸಿಕೊಳ್ಳಿ. ದುಡ್ಡು ಕೊಟ್ಟು ಮಾಡಿಸಬೇಕಾದದ್ದಕ್ಕೆ ಎಷ್ಟಾಗುತ್ತದೆ ಅಂತ ಪಕ್ಕದಲ್ಲೇ ಬರೆದಿಡಿ, ಅದು ನಾಲ್ಕನೇ ಹಂತದಲ್ಲಿ ಖರ್ಚಿನ ಪಟ್ಟಿಗೆ ಸೇರುತ್ತದೆ.

ಇನ್ನೊಂದು ಪ್ರಶ್ನೆ ಇದೆ, ಕಷ್ಟದ್ದು. ರಾತ್ರಿ ಎರಡು ಗಂಟೆಗೆ ಮನೆಯಿಂದ ಫೋನ್ ಬಂತು. ಹತ್ತು ನಿಮಿಷದಲ್ಲಿ ಮನೆ ಮುಟ್ಟುವವರು ಯಾರು? ನೀವು ಮುಟ್ಟಲು ಎಷ್ಟು ಗಂಟೆ ಬೇಕು? ಎರಡನೆಯದಕ್ಕೆ ಎಂಟು ಗಂಟೆ ಅಂತ ಬಂದರೂ ಮೊದಲನೆಯದಕ್ಕೆ ಗಟ್ಟಿ ಹೆಸರಿದ್ದರೆ ನಡೆಯುತ್ತದೆ. ಮೊದಲನೆಯ ಜಾಗ ಖಾಲಿ ಇದ್ದು, ಮನೆಯಲ್ಲಿ ಹುಷಾರಿಲ್ಲದವರೂ ಇದ್ದರೆ, ಆ ಜಾಗ ತುಂಬುವವರೆಗೆ ಮುಂದಿನ ಲೆಕ್ಕ ಮಾಡಬೇಡಿ. ಹಣದ ಲೆಕ್ಕ ಚೆನ್ನಾಗಿ ಬಂದುಬಿಟ್ಟರೆ ಈ ಪ್ರಶ್ನೆಯನ್ನು ತಳ್ಳಿಬಿಡುವ ಮನಸ್ಸಾಗುತ್ತದೆ, ಅದಕ್ಕೇ ಇದನ್ನು ಮೊದಲು ಇಟ್ಟಿದ್ದೇನೆ.

ಮದುವೆಯಾಗಿದ್ದರೆ ಇಲ್ಲಿ ಇನ್ನೊಂದು ಸಾಲು ಸೇರುತ್ತದೆ. ಹೆಂಡತಿಗೋ ಗಂಡನಿಗೋ ಊರಿನಲ್ಲಿ ಕೆಲಸ ಇದ್ದು, ನಗರಕ್ಕೆ ಹೋದರೆ ಅದು ನಿಲ್ಲುತ್ತದಾ? ಹಾಗಿದ್ದರೆ ಹೊಸ ಕೆಲಸ ಸಿಗುವವರೆಗೆ ಆ ಸಂಬಳ ಸೊನ್ನೆ ಅಂತಲೇ ಬರೆಯಿರಿ. "ಅಲ್ಲಿ ಹೋದ ಮೇಲೆ ಬೇಗ ಸಿಗುತ್ತೆ" ಅನ್ನುವುದನ್ನು ಲೆಕ್ಕದಲ್ಲಿ ಹಿಡಿಯಬೇಡಿ. ಮಕ್ಕಳಿದ್ದರೆ ಶಾಲೆಯ ವರ್ಷದ ನಡುವೆ ಸೀಟು ಸಿಗುತ್ತದಾ ಅಂತ ಕೇಳಿ. ಸಿಗದಿದ್ದರೆ ಕೆಲವು ತಿಂಗಳು ಎರಡು ಕಡೆ ಮನೆ ನಡೆಸಬೇಕಾಗುತ್ತದೆ, ಆ ಖರ್ಚೂ ನಿಮ್ಮದೇ.

## 2. ಬಾಡಿಗೆ ಹುಡುಕುವುದನ್ನು ಆಫೀಸಿನಿಂದ ಶುರು ಮಾಡಿ

ನಗರದಲ್ಲಿ ಬಾಡಿಗೆ ಎಷ್ಟು ಅಂತ ಕೇಳಿದರೆ ಎಂಥ ಉತ್ತರ ಬೇಕಾದರೂ ಸಿಗುತ್ತದೆ. ಒಂದೇ ನಗರದಲ್ಲಿ ಒಂದು ಬಡಾವಣೆಗೂ ಇನ್ನೊಂದಕ್ಕೂ ಎರಡು ಪಟ್ಟು ವ್ಯತ್ಯಾಸ ಇರಬಹುದು. ಹಾಗಾಗಿ ಮ್ಯಾಪಿನಲ್ಲಿ ಮೊದಲು ಆಫೀಸಿನ ಜಾಗ ಹಾಕಿ. ದಿನಾ ಎಷ್ಟು ಹೊತ್ತು ಓಡಾಡಲು ತಯಾರಿದ್ದೀರಿ ಅಂತ ತೀರ್ಮಾನಿಸಿ, ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ, ಕಾಯುವ ಹೊತ್ತೂ ಸೇರಿ. ಆ ಹೊತ್ತಿನೊಳಗೆ ಬರುವ ಬಡಾವಣೆಗಳ ಬಾಡಿಗೆಯನ್ನು ಮಾತ್ರ ನೋಡಿ.

ದಾರಿಯ ಹೊತ್ತನ್ನು ನೋಡುವಾಗ ಭಾನುವಾರ ಮಧ್ಯಾಹ್ನ ನೋಡಬೇಡಿ. ಕೆಲಸದ ದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಒಮ್ಮೆ, ಸಂಜೆ ಬಿಡುವ ಹೊತ್ತಿಗೆ ಒಮ್ಮೆ ನೋಡಿ. ಎರಡೂ ಬೇರೆ ಬೇರೆ ಇರುತ್ತವೆ, ಸಂಜೆಯದ್ದು ಸಾಮಾನ್ಯವಾಗಿ ಜಾಸ್ತಿ.

ದೂರ ಹೋದರೆ ಬಾಡಿಗೆ ಕಮ್ಮಿ, ನಿಜ. ಆದರೆ ಆ ಉಳಿತಾಯಕ್ಕೂ ಒಂದು ಬೆಲೆ ಇದೆ. ನಮ್ಮ ಹುಡುಗನಿಗೆ ಊರಿನಲ್ಲಿ ಆಫೀಸಿಗೆ 15 ನಿಮಿಷ. ತಿಂಗಳಿಗೆ 22 ದಿನ, ಹೋಗಿ ಬರಲು 11 ಗಂಟೆ. ನಗರದಲ್ಲಿ ಹೋಗಲು 75 ನಿಮಿಷ, ಬರಲು 75 ನಿಮಿಷ ಅಂದರೆ ತಿಂಗಳಿಗೆ 55 ಗಂಟೆ. ಎಂಟು ಗಂಟೆಯ ಕೆಲಸದ ದಿನ ಅಂತ ಹಿಡಿದರೆ ಇದು ಸುಮಾರು ಏಳು ದಿನದ ದುಡಿಮೆಯ ಹೊತ್ತು, ದಾರಿಯಲ್ಲೇ ಹೋಯಿತು. ಅವನಿಗೆ ನಗರದಲ್ಲಿ ಕೈಗೆ ಬರುವುದು 150. ಕೆಲಸದ 176 ಗಂಟೆಗೆ ದಾರಿಯ ಗಂಟೆಗಳನ್ನೂ ಸೇರಿಸಿ ಭಾಗಿಸಿದರೆ, ಗಂಟೆಯ ಲೆಕ್ಕದಲ್ಲಿ ಅವನಿಗೆ ಊರಿಗಿಂತ ಜಾಸ್ತಿ ಸಿಗುವುದು ನೂರಕ್ಕೆ 21 ಮಾತ್ರ. ಕಾಗದದ ಮೇಲೆ ಕಾಣುತ್ತಿದ್ದದ್ದು ನೂರಕ್ಕೆ 50.

ಬಡಾವಣೆ ಗೊತ್ತಾದ ಮೇಲೆ ಅಲ್ಲಿ ಕನಿಷ್ಠ ಐದಾರು ಮನೆಗಳ ಬಾಡಿಗೆ ಕೇಳಿ. ಕಮ್ಮಿ ಇರುವ ಒಂದನ್ನು ಹಿಡಿದು ಲೆಕ್ಕ ಹಾಕಬೇಡಿ, ನಡುವಿನದ್ದನ್ನು ಹಿಡಿಯಿರಿ. ಪ್ರತಿಯೊಬ್ಬ ಮನೆ ಮಾಲೀಕರಿಗೂ ಇಷ್ಟನ್ನು ಕೇಳಲೇಬೇಕು: ಅಡ್ವಾನ್ಸ್ ಎಷ್ಟು, ನೀರು ಮತ್ತು ಮೇಂಟೆನೆನ್ಸ್ ಬಾಡಿಗೆಯೊಳಗೋ ಹೊರಗೋ, ಬಾಡಿಗೆ ಯಾವಾಗ ಎಷ್ಟು ಏರಿಸುತ್ತೀರಿ, ಮೊದಲ ಕೆಲವು ತಿಂಗಳು ಬಿಡುವಂತಿಲ್ಲ ಅನ್ನುವ ಷರತ್ತು ಇದೆಯಾ, ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಏನೇನು ಹಿಡಿದುಕೊಳ್ಳುತ್ತೀರಿ. ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟುಬಿಡುವವರೇ ಜಾಸ್ತಿ. ಜಗಳ ಶುರುವಾಗುವುದು ಅಲ್ಲಿಂದಲೇ, ಹಾಗಾಗಿ ಉತ್ತರ ಕರಾರಿನಲ್ಲಿ ಬರಹದಲ್ಲಿರಲಿ.

ಎಚ್ಚರಿಕೆ: ಮನೆ ನೋಡುವ ಮೊದಲೇ "ಇವತ್ತೇ ಟೋಕನ್ ಹಾಕಿ, ಬೇರೆಯವರು ಕೇಳ್ತಿದ್ದಾರೆ" ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಫೋಟೋ ಒಬ್ಬರದು, ಮನೆ ಇನ್ನೊಬ್ಬರದು, ದುಡ್ಡು ಮೂರನೆಯವರಿಗೆ ಅನ್ನುವ ಮೋಸ ನಡೆಯುವುದು ಹೀಗೇ.

## 3. ಆಫರ್ ಲೆಟರಿನ ದೊಡ್ಡ ಅಂಕಿಯನ್ನು ಒಡೆದು ನೋಡಿ

ಈಗ ಸಂಬಳಕ್ಕೆ ಬನ್ನಿ. ನಗರದ ಆಫರ್ ಲೆಟರಿನಲ್ಲಿ ವರ್ಷದ ಒಟ್ಟು ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ. ಅದನ್ನು 12ರಿಂದ ಭಾಗಿಸಿದರೆ ತಿಂಗಳ ಸಂಬಳ ಬರುತ್ತದೆ ಅನ್ನುವುದು ತಪ್ಪು. ಆ ಮೊತ್ತದಲ್ಲಿ ಮೂರು ಥರದ ದುಡ್ಡು ಬೆರೆತಿರುತ್ತದೆ: ಪ್ರತಿ ತಿಂಗಳೂ ಕೈಗೆ ಬರುವುದು, ಕೈಗೆ ಬರುವ ಮೊದಲೇ ಹೋಗುವ ಕಡಿತಗಳು, ಮತ್ತೆ "ಬಂದರೆ ಬಂತು" ಅನ್ನುವ ವರ್ಷದ ಕೊನೆಯ ಬೋನಸ್.

ನಮ್ಮ ಹುಡುಗನ ಲೆಟರಿನ ಪ್ರಕಾರ ತಿಂಗಳಿಗೆ 190. ಅದರಲ್ಲಿ 20 ಬೋನಸ್, ಇನ್ನೊಂದು 20 ತೆರಿಗೆ ಮತ್ತು ನಿವೃತ್ತಿ ನಿಧಿಗೆ ಹೋಗುತ್ತದೆ. ಕೈಗೆ ಬರುವುದು 150. ಬೋನಸ್ಸನ್ನು ಮನೆ ಖರ್ಚಿನ ಲೆಕ್ಕಕ್ಕೆ ಸೇರಿಸಲೇಬೇಡಿ. ಬಂದ ದಿನ ಅದು ಪೂರ್ತಿ ಉಳಿತಾಯಕ್ಕೆ ಹೋಗಲಿ. ಬೋನಸ್ ಸೇರಿಸಿದರೆ ಮಾತ್ರ ಬಾಡಿಗೆ ಕಟ್ಟಲು ಆಗುತ್ತದೆ ಅಂತ ಲೆಕ್ಕ ಬಂದರೆ, ಆ ಮನೆ ನಿಮಗೆ ಆಗುವುದಿಲ್ಲ ಅಂತಲೇ ಅರ್ಥ.

ಕಡಿತ ಎಷ್ಟು ಅಂತ ಗೊತ್ತಾಗದಿದ್ದರೆ ಕಂಪನಿಯ ಎಚ್‌ಆರ್‌ಗೆ ನೇರವಾಗಿ ಕೇಳಿ: "ಮೊದಲ ತಿಂಗಳು ನನ್ನ ಖಾತೆಗೆ ಎಷ್ಟು ಬೀಳುತ್ತದೆ?" ಇದು ಕೇಳಬಾರದ ಪ್ರಶ್ನೆ ಏನಲ್ಲ. ಜೊತೆಗೆ ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ಪ್ರೊಬೇಷನ್ ಎಷ್ಟು ತಿಂಗಳು, ಆ ಹೊತ್ತಿನಲ್ಲಿ ಕೆಲಸ ಬಿಡಿಸಿದರೆ ಎಷ್ಟು ದಿನದ ನೋಟಿಸ್ ಕೊಡುತ್ತೀರಿ ಅಂತಲೂ ಕೇಳಿ. ವಾರಕ್ಕೆ ಎರಡೇ ದಿನ ಆಫೀಸು ಅಂದರೆ ದೂರದ, ಕಮ್ಮಿ ಬಾಡಿಗೆಯ ಮನೆಯೂ ಆಗುತ್ತದೆ, ಎರಡನೇ ಹಂತದ ಲೆಕ್ಕ ಪೂರ್ತಿ ಬದಲಾಗುತ್ತದೆ. ಆದರೆ ಆ ಎರಡು ದಿನದ ಮಾತು ಬರಹದಲ್ಲಿರಬೇಕು. ಬಾಯಿಮಾತಿನ ಎರಡು ದಿನ ಐದು ದಿನ ಆಗಲು ಹೊತ್ತು ಬೇಕಿಲ್ಲ.

## 4. ತಿಂಗಳ ಕೊನೆಗೆ ಉಳಿಯುವುದನ್ನು ಹೋಲಿಸಿ

ಈಗ ಎರಡು ಪುಟ ತೆಗೆಯಿರಿ, ಒಂದು ಊರಿಗೆ, ಒಂದು ನಗರಕ್ಕೆ. ಊರಿನ ಪುಟವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬರೆಯಿರಿ, ನೆನಪಿನಿಂದ ಬೇಡ. ನೆನಪಿಗೆ ದೊಡ್ಡ ಖರ್ಚು ಮಾತ್ರ ಬರುತ್ತದೆ.

ನಮ್ಮ ಹುಡುಗನ ಊರಿನ ಪುಟ ಹೀಗಿದೆ. ಮನೆಗೆ ಕೊಡುವುದು 40, ಓಡಾಟ 6, ಸ್ವಂತ ಖರ್ಚು 14. ಒಟ್ಟು 60, ಉಳಿಯುವುದು 40.

ನಗರದ ಪುಟ:

- ಬಾಡಿಗೆ 40
- ಕರೆಂಟು, ನೀರು, ಇಂಟರ್‌ನೆಟ್, ಮೇಂಟೆನೆನ್ಸ್ 8
- ಊಟ ತಿಂಡಿ 25
- ದಿನದ ಓಡಾಟ 9
- ಸ್ವಂತ ಖರ್ಚು 18
- ಊರಿಗೆ ಕಳಿಸುವುದು 25
- ಊರಿಗೆ ಹೋಗಿ ಬರುವುದು, ತಿಂಗಳ ಸರಾಸರಿ 7

ಒಟ್ಟು 132. ಕೈಗೆ ಬರುವ 150ರಲ್ಲಿ ಉಳಿಯುವುದು 18. ಸಂಬಳ ಒಂದೂವರೆ ಪಟ್ಟಾಯಿತು, ಉಳಿತಾಯ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಈ ಪಟ್ಟಿಯಲ್ಲಿ ಎರಡು ಸಾಲನ್ನು ಜನ ಯಾವಾಗಲೂ ಮರೆಯುತ್ತಾರೆ. ಒಂದು, ಊರಿಗೆ ಕಳಿಸುವ ದುಡ್ಡು. ಊರಿನಲ್ಲಿ ಮನೆಗೆ 40 ಕೊಡುತ್ತಿದ್ದ, ಅದರಲ್ಲಿ ಅವನ ಊಟದ ಪಾಲೂ ಇತ್ತು. ಅವನು ಹೊರಟರೆ ಮನೆಯ ಖರ್ಚು ಅಷ್ಟೂ ಇಳಿಯುವುದಿಲ್ಲ, ಕರೆಂಟು, ಔಷಧಿ, ರಿಪೇರಿ ಎಲ್ಲ ಹಾಗೇ ಇರುತ್ತವೆ. ಎಷ್ಟು ಇಳಿಯುತ್ತದೆ ಅಂತ ಅಮ್ಮನನ್ನೇ ಕೇಳಬೇಕು, ಸರಿಯಾದ ಅಂಕಿ ಗೊತ್ತಿರುವುದು ಮನೆ ನಡೆಸುವವರಿಗೆ. ಇಲ್ಲಿ 25 ಬೇಕೇ ಬೇಕು ಅಂತಾಯಿತು. ಮೊದಲ ಹಂತದಲ್ಲಿ ದುಡ್ಡು ಕೊಟ್ಟು ಮಾಡಿಸುತ್ತೇನೆ ಅಂತ ಬರೆದದ್ದೂ ಈ 25ರೊಳಗೇ ಇದೆ. ಎರಡನೆಯದು ಊರಿಗೆ ಬರುವ ಖರ್ಚು. ಮೊದಲೇ ಟಿಕೆಟ್ ಮಾಡಿಸಿದ ಲೆಕ್ಕ ಮಾತ್ರ ಹಿಡಿಯಬೇಡಿ. ರಜೆ ಸಿಗುವುದು ಎಲ್ಲರಿಗೂ ಒಂದೇ ಹೊತ್ತಿಗೆ, ಆಗ ದರ ಏರಿರುತ್ತದೆ. ತುರ್ತಾಗಿ ಓಡಿ ಬರುವುದಕ್ಕೂ ವರ್ಷಕ್ಕೆ ಒಂದೆರಡು ಸಲ ಅಂತ ಸೇರಿಸಿ.

ಹಾಗಾದರೆ ನಗರ ಬೇಡವೇ ಬೇಡ ಅಂತಾಯಿತಾ? ಇಲ್ಲ. ಪಟ್ಟಿಯಲ್ಲಿ ದೊಡ್ಡ ಸಾಲು ಯಾವುದು ನೋಡಿ. ಅದೇ ಮನೆಯಲ್ಲಿ ಇನ್ನೊಬ್ಬರ ಜೊತೆ ಇದ್ದರೆ ಬಾಡಿಗೆ 20, ಕರೆಂಟು ನೀರಿನ ಸಾಲು 4. ಒಟ್ಟು ಖರ್ಚು 108ಕ್ಕೆ ಇಳಿಯುತ್ತದೆ, ಉಳಿತಾಯ 42. ಊರಿನ 40ಕ್ಕೆ ಹೆಚ್ಚುಕಮ್ಮಿ ಸಮ. ಕಾಫಿ ಬಿಟ್ಟು, ಸಿನಿಮಾ ಬಿಟ್ಟು ಉಳಿಸುತ್ತೇನೆ ಅನ್ನುವವರು ಸ್ವಂತ ಖರ್ಚಿನ 18ರಲ್ಲಿ ಕಷ್ಟಪಟ್ಟು 3 ಕಿತ್ತಾರು. ಬಾಡಿಗೆಯ ಒಂದೇ ತೀರ್ಮಾನದಲ್ಲಿ 24 ಉಳಿಯಿತು. ಮದುವೆಯಾದವರಿಗೆ, ಮಕ್ಕಳಿರುವವರಿಗೆ ಈ ದಾರಿ ಇಲ್ಲ. ಅವರಿಗೆ ಇದೇ ನಗರದ ಇದೇ ಕೆಲಸ ಬೇರೆಯೇ ಲೆಕ್ಕ ಕೊಡುತ್ತದೆ. "ಅವನು ಹೋಗಿ ಚೆನ್ನಾಗಿದಾನಲ್ಲ" ಅನ್ನುವ ಹೋಲಿಕೆ ಮುರಿದು ಬೀಳುವುದು ಇಲ್ಲೇ.

ಇದೇ ಪಟ್ಟಿಯನ್ನು ಹಿಂದುಮುಂದಾಗಿ ಓದಿದರೆ ಎಷ್ಟು ಸಂಬಳ ಕೇಳಬೇಕು ಅಂತಲೂ ಗೊತ್ತಾಗುತ್ತದೆ. ನಗರದ ಖರ್ಚಿಗೆ ಊರಿನ ಉಳಿತಾಯ ಸೇರಿಸಿ. ಒಬ್ಬನೇ ಇರುವುದಾದರೆ 132 ಮತ್ತು 40, ಅಂದರೆ 172. ಕೈಗೆ 172 ಬಂದರೆ ಇವತ್ತು ಊರಿನಲ್ಲಿ ಇರುವಷ್ಟೇ ಉಳಿಯುತ್ತದೆ, ಅದಕ್ಕಿಂತ ಕೆಳಗೆ ಒಪ್ಪಿಕೊಂಡರೆ ಉಳಿತಾಯ ಕಡಿಮೆ ಮಾಡಿಕೊಂಡು ಹೋಗುತ್ತಿದ್ದೀರಿ. ಕಂಪನಿಯ ಜೊತೆ ಸಂಬಳದ ಮಾತಿಗೆ ಕೂರುವ ಮೊದಲು ನಿಮ್ಮ ಈ ಅಂಕಿ ಬರೆದುಕೊಂಡು ಹೋಗಿ.

## 5. ಹೋಗುವ ಖರ್ಚು ಯಾವಾಗ ವಾಪಸ್ ಬರುತ್ತದೆ

ಊರು ಬಿಡುವುದಕ್ಕೇ ದುಡ್ಡು ಬೇಕು. ಅಡ್ವಾನ್ಸ್, ಸಾಮಾನು ಸಾಗಣೆ, ಹಾಸಿಗೆ, ಸ್ಟೌ, ಪಾತ್ರೆ, ಮೊದಲ ಸಂಬಳ ಬರುವವರೆಗಿನ ಊಟ. ಇದರಲ್ಲಿ ಅಡ್ವಾನ್ಸನ್ನು ಬೇರೆ ಬರೆಯಿರಿ. ಅದು ಖರ್ಚಲ್ಲ, ವಾಪಸ್ ಬರುವ ದುಡ್ಡು, ಆದರೆ ಮನೆ ಬಿಡುವವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ. ಉಳಿತಾಯ ಇಷ್ಟಿದೆ ಅಂತ ಎಣಿಸುವಾಗ ಅದನ್ನು ಸೇರಿಸಬಾರದು.

ನಮ್ಮ ಹುಡುಗ ಜೊತೆಗಾರನ ಜೊತೆ ಇರುವುದಾದರೆ, ವಾಪಸ್ ಬಾರದ ಖರ್ಚು 60 ಅಂತ ಹಿಡಿಯೋಣ. ಊರಿಗಿಂತ ತಿಂಗಳಿಗೆ ಜಾಸ್ತಿ ಉಳಿಯುವುದು 2. 60ನ್ನು 2ರಿಂದ ಭಾಗಿಸಿದರೆ 30 ತಿಂಗಳು. ಎರಡೂವರೆ ವರ್ಷ ಆದ ಮೇಲೆ ಅವನು ಊರಿನಲ್ಲೇ ಇದ್ದಿದ್ದರೆ ಎಲ್ಲಿರುತ್ತಿದ್ದನೋ ಅಲ್ಲಿಗೆ ಬಂದು ನಿಲ್ಲುತ್ತಾನೆ.

ಸಂಬಳ ಏರಿದರೆ ಚಿತ್ರ ಬದಲಾಗುತ್ತದೆ. ನಗರದಲ್ಲಿ ವರ್ಷಕ್ಕೆ ನೂರಕ್ಕೆ 10 ಏರಿ, ಊರಿನಲ್ಲಿ 5 ಏರಿತು, ಖರ್ಚು ಎರಡೂ ಕಡೆ 5 ಏರಿತು ಅಂದುಕೊಳ್ಳಿ. ಎರಡನೇ ವರ್ಷ ನಗರದಲ್ಲಿ ಕೈಗೆ 165, ಖರ್ಚು ಸುಮಾರು 113, ಉಳಿತಾಯ ಸುಮಾರು 52. ಊರಿನಲ್ಲಿ ಉಳಿತಾಯ 42. ತಿಂಗಳಿಗೆ ಹತ್ತಿರ ಹತ್ತಿರ 10ರ ವ್ಯತ್ಯಾಸ. ಆಗ ಎರಡನೇ ವರ್ಷದ ನಾಲ್ಕನೇ ತಿಂಗಳಿಗೇ ಹೋದ ಖರ್ಚು ಪೂರ್ತಿ ವಾಪಸ್ ಬರುತ್ತದೆ, ಅಲ್ಲಿಂದ ಮುಂದೆ ಲಾಭ. ಆದರೆ ನಗರದಲ್ಲೂ 5 ಮಾತ್ರ ಏರಿದರೆ, ಮತ್ತೆ ಅದೇ ಎರಡೂವರೆ ವರ್ಷದ ಹತ್ತಿರ.

ನಗರದ ಪರವಾಗಿ ಹೇಳಬಹುದಾದ ದೊಡ್ಡ ಮಾತು ಈ ಏರಿಕೆಯೇ. ಹಾಗಾಗಿ ಅದನ್ನು ನಂಬಿಕೆಯ ಮೇಲೆ ಬಿಡಬೇಡಿ. ಅದೇ ಕೆಲಸದಲ್ಲಿ ಮೂರು ವರ್ಷ ಆದವರು ಈಗ ಎಷ್ಟು ಪಡೆಯುತ್ತಿದ್ದಾರೆ ಅಂತ ಇಬ್ಬರು ಮೂವರನ್ನಾದರೂ ಕೇಳಿ. ಸಂಬಳ ಹೇಳಲು ಹಿಂಜರಿದರೆ, "ಸೇರಿದಾಗ ಇದ್ದದ್ದಕ್ಕಿಂತ ಎಷ್ಟು ಪಟ್ಟಾಗಿದೆ?" ಅಂತ ಕೇಳಿ, ಸಾಮಾನ್ಯವಾಗಿ ಹೇಳುತ್ತಾರೆ. ಏರಿದ್ದು ಅದೇ ಕಂಪನಿಯಲ್ಲೋ, ಕಂಪನಿ ಬದಲಾಯಿಸಿದ್ದಕ್ಕೋ ಅಂತಲೂ ಕೇಳಿ. ಬದಲಾಯಿಸಿದರೆ ಮಾತ್ರ ಏರುತ್ತದೆ ಅಂತಾದರೆ ನೀವೂ ಅದಕ್ಕೆ ತಯಾರಿರಬೇಕು. ಒಂದೇ ಕಡೆ ಇದ್ದುಬಿಡುವ ಸ್ವಭಾವ ನಿಮ್ಮದಾದರೆ ಆ ಏರಿಕೆಯನ್ನು ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ.

## 6. ಕೆಲಸ ಹೋದರೆ ಎಷ್ಟು ತಿಂಗಳು ತಡೆಯುತ್ತೀರಿ

ಈ ಹಂತದಲ್ಲಿ ಎರಡೂ ಕಡೆಯ ಅಪಾಯ ನೋಡಬೇಕು, ಯಾಕೆಂದರೆ ಅವು ಬೇರೆ ಬೇರೆ ಥರದವು.

ನಗರದಲ್ಲಿ ಉಳಿತಾಯ ಬೇಗ ಕರಗುತ್ತದೆ. ನಮ್ಮ ಹುಡುಗನ ಕೈಯಲ್ಲಿ 240 ಇದೆ ಅಂದುಕೊಳ್ಳಿ. ಊರಿನಲ್ಲಿ ತಿಂಗಳ ಖರ್ಚು 60, ಹಾಗಾಗಿ ಅದು ನಾಲ್ಕು ತಿಂಗಳು ಬರುತ್ತದೆ. ನಗರದಲ್ಲಿ ಒಬ್ಬನೇ ಇದ್ದರೆ 132, ಎರಡು ತಿಂಗಳೂ ಬರುವುದಿಲ್ಲ. ಅದೂ ಅಡ್ವಾನ್ಸ್, ಸಾಗಣೆ ಯಾವುದಕ್ಕೂ ಕೈ ಹಾಕದಿದ್ದರೆ. ಅವೆರಡನ್ನೂ ಕಳೆದು ಉಳಿದದ್ದು ನಗರದ ಮೂರು ತಿಂಗಳ ಖರ್ಚಿಗೆ ಸಾಲದಿದ್ದರೆ, ಸೇರುವ ದಿನವನ್ನು ಮುಂದೂಡಲು ಕೇಳಿ, ಅಥವಾ ಬಾಡಿಗೆ ಕಮ್ಮಿಯ ವ್ಯವಸ್ಥೆ ಹುಡುಕಿ. ಅಡ್ವಾನ್ಸ್ ಕಟ್ಟಲು ಸಾಲ ಮಾಡಬೇಕಾದ ಸ್ಥಿತಿ ಇದ್ದರೆ ಅದೇ ದೊಡ್ಡ ಎಚ್ಚರಿಕೆ. ಸಾಲದ ಕಂತು ಮೊದಲ ತಿಂಗಳಿನಿಂದಲೇ ಶುರುವಾಗುತ್ತದೆ, ಪ್ರೊಬೇಷನ್ ಮುಗಿಯುವವರೆಗೆ ಕಾಯುವುದಿಲ್ಲ.

ಸಣ್ಣ ಊರಿನ ಅಪಾಯ ಸದ್ದಿಲ್ಲದ್ದು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಈಗಿನ ಕೆಲಸ ಹೋದರೆ, ಮನೆಯಿಂದ ದಿನಾ ಹೋಗಿ ಬರುವಷ್ಟು ದೂರದಲ್ಲಿ ಇದೇ ಕೆಲಸ ಕೊಡಬಲ್ಲ ಜಾಗ ಎಷ್ಟಿವೆ? ಕೂತು ಹೆಸರು ಬರೆಯಿರಿ. ಅಕೌಂಟೆಂಟ್‌ಗೆ ಹತ್ತು ಹೆಸರು ಸಿಗಬಹುದು, ಎಲ್ಲ ಅಂಗಡಿಗೂ ಲೆಕ್ಕ ಬರೆಯುವವರು ಬೇಕು. ಯಾವುದೋ ಒಂದೇ ಕಾರ್ಖಾನೆಯ ಒಂದೇ ಥರದ ಯಂತ್ರ ಗೊತ್ತಿರುವವರಿಗೆ ಒಂದೂ ಸಿಗದಿರಬಹುದು. ಪಟ್ಟಿಯಲ್ಲಿ ಮೂರಕ್ಕಿಂತ ಕಮ್ಮಿ ಹೆಸರಿದ್ದರೆ ಊರಿನಲ್ಲಿ ಉಳಿಯುವುದಕ್ಕೂ ಜಾಸ್ತಿ ಉಳಿತಾಯ ಬೇಕು, ಆರು ತಿಂಗಳ ಖರ್ಚಾದರೂ ಕೈಯಲ್ಲಿರಬೇಕು. ಮೂರು, ಆರು ಅನ್ನುವುದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ, ಆದರೆ ಅದಕ್ಕಿಂತ ಕಮ್ಮಿ ಇಟ್ಟುಕೊಂಡವರು ಸಿಕ್ಕಿದ ಮೊದಲ ಕೆಲಸಕ್ಕೇ ಒಪ್ಪಿಕೊಳ್ಳಬೇಕಾಗುತ್ತದೆ.

## 7. ತೀರ್ಮಾನ ಮಾಡಿ, ಜೊತೆಗೆ ದಿನಾಂಕವನ್ನೂ ಬರೆಯಿರಿ

ಇಷ್ಟು ಬರೆದಾದ ಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ಉತ್ತರ ಇರುತ್ತವೆ. ಮನೆಯ ಪಟ್ಟಿಯಲ್ಲಿ ಖಾಲಿ ಜಾಗ ಉಳಿದಿದೆಯಾ? ತಿಂಗಳ ಕೊನೆಗೆ ಎಲ್ಲಿ ಜಾಸ್ತಿ ಉಳಿಯುತ್ತದೆ? ಹೋಗುವ ಖರ್ಚು ಎಷ್ಟು ತಿಂಗಳಿಗೆ ವಾಪಸ್ ಬರುತ್ತದೆ? ಕೆಲಸ ಹೋದರೆ ಎಷ್ಟು ತಿಂಗಳು ತಡೆಯುತ್ತೀರಿ?

ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಪಟ್ಟಿ ತುಂಬಿದ್ದು, ಎರಡು ವರ್ಷದೊಳಗೆ ಖರ್ಚು ವಾಪಸ್ ಬರುವಂತಿದ್ದರೆ ಹೋಗಬಹುದು, ಮೊದಲ ವರ್ಷ ಉಳಿತಾಯ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ. ಮೂರು ವರ್ಷ ದಾಟಿದರೂ ವಾಪಸ್ ಬರುವುದಿಲ್ಲ ಅಂತಾದರೆ, ಕಲಿಯುವುದಕ್ಕೆ ಅಲ್ಲಿ ಮಾತ್ರ ಸಿಗುವ ಏನಾದರೂ ಇದೆಯಾ ಅಂತ ನೋಡಿ. ಇದ್ದರೆ ಅದು ಏನು ಅಂತ ಒಂದು ಸಾಲಿನಲ್ಲಿ ಬರೆಯಲು ಬರಬೇಕು. "ಎಕ್ಸ್‌ಪೋಶರ್ ಸಿಗುತ್ತೆ" ಅನ್ನುವುದು ಸಾಲದು. "ದೊಡ್ಡ ಕಂಪನಿಯ ಆಡಿಟ್ ಕೆಲಸ ಕಲಿಯುತ್ತೇನೆ, ಊರಿನಲ್ಲಿ ಅದು ಬರುವುದೇ ಇಲ್ಲ" ಅನ್ನುವುದು ಸಾಕು.

ಹೋಗುವುದಾದರೆ ಹೊರಡುವ ಮೊದಲೇ ಎರಡು ದಿನಾಂಕ ಬರೆದಿಡಿ, ಆರನೇ ತಿಂಗಳು ಮತ್ತು ಹನ್ನೆರಡನೇ ತಿಂಗಳು. ಆ ದಿನ ನಾಲ್ಕನೇ ಹಂತದ ಪಟ್ಟಿಯನ್ನು ಮತ್ತೆ ತೆಗೆದು ನಿಜವಾದ ಅಂಕಿ ತುಂಬಿಸಿ. ಆರನೇ ತಿಂಗಳಿಗೆ ಉಳಿತಾಯ ಅಂದುಕೊಂಡದ್ದರ ಅರ್ಧಕ್ಕಿಂತ ಕಮ್ಮಿ ಇದ್ದರೆ ಮೊದಲು ಬಾಡಿಗೆ ಬದಲಾಯಿಸಿ, ಕೆಲಸವನ್ನಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಒಂದು ತಿಂಗಳಿಂದ ಇನ್ನೊಂದಕ್ಕೆ ಉರುಳುತ್ತಿದ್ದರೆ, ಊರಿಗೆ ಕಳಿಸುವ ದುಡ್ಡು ಎರಡು ತಿಂಗಳು ಸತತ ತಡವಾದರೆ, ಟಿಕೆಟ್ ದುಬಾರಿ ಅಂತ ಊರಿಗೆ ಹೋಗುವುದನ್ನೇ ಮುಂದೂಡುತ್ತಿದ್ದರೆ, ದಿನಾಂಕದವರೆಗೂ ಕಾಯಬೇಡಿ, ಅವತ್ತೇ ಪಟ್ಟಿ ತೆಗೆಯಿರಿ. ಮೊದಲ ವರ್ಷ ಯಾವ ಹೊಸ ಕಂತೂ ಬೇಡ, ಗಾಡಿಯದ್ದೂ ಫೋನಿನದ್ದೂ. ಕಂತು ಇದ್ದವರಿಗೆ ವಾಪಸ್ ಬರುವ ದಾರಿ ಮುಚ್ಚಿಹೋಗುತ್ತದೆ.

ಊರಿನಲ್ಲೇ ಉಳಿಯುವುದಾದರೂ ದಿನಾಂಕ ಬೇಕು. ಒಂದು ವರ್ಷದ ಮೇಲೆ ಸಂಬಳ ಎಷ್ಟು ಏರಿತು, ಹೊಸದೇನು ಕಲಿತೆ ಅಂತ ನೋಡಿ. ಊರಿನಲ್ಲಿ ಉಳಿಯುವ ದುಡ್ಡು ಪ್ರತಿ ತಿಂಗಳ ಮೊದಲ ವಾರವೇ ಬೇರೆ ಖಾತೆಗೆ ಹೋಗುವ ಹಾಗೆ ಮಾಡಿ. ಬಾಡಿಗೆ ಇಲ್ಲದ ಮನೆಯಲ್ಲಿ ದುಡ್ಡು ಉಳಿಯುತ್ತದೆ ಅನ್ನುವುದು ಅದನ್ನು ತೆಗೆದಿಟ್ಟರೆ ಮಾತ್ರ ನಿಜ.

## 8. ಹೊರಡುವ ಸರಣಿ

ಇಲ್ಲಿ ಹಿಂದುಮುಂದಾದರೆ ದುಡ್ಡೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಸಹಿ ಇರುವ ಆಫರ್ ಲೆಟರ್ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಫೋನಿನಲ್ಲಿ ಹೇಳಿದ್ದು ಸಾಲದು. ಸೇರುವ ಮೊದಲು ತರಬೇತಿಗೆ, ಲ್ಯಾಪ್‌ಟಾಪಿಗೆ, ದಾಖಲೆ ಪರಿಶೀಲನೆಗೆ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಕೆಲಸವಲ್ಲ, ಮೋಸ.

ಲೆಟರ್ ಬಂದ ಮೇಲೆ ರಾಜೀನಾಮೆ, ನೋಟಿಸ್ ಅವಧಿ ಪೂರ್ತಿ ಮಾಡಿ, ಅನುಭವ ಪತ್ರ ತೆಗೆದುಕೊಳ್ಳಿ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಜಗಳ ಮಾಡಿಕೊಂಡು ಬಿಟ್ಟರೆ ಆರನೇ ಹಂತದಲ್ಲಿ ಬರೆದ ಪಟ್ಟಿಯ ಅರ್ಧ ಹೆಸರು ಅಳಿಸಿಹೋಗುತ್ತವೆ.

ಮನೆಯನ್ನು ದೂರದಿಂದ ಗೊತ್ತು ಮಾಡಬೇಡಿ. ಮೊದಲ ಎರಡು ಮೂರು ವಾರ ಗೆಳೆಯರ ಮನೆಯಲ್ಲೋ ಪಿಜಿಯಲ್ಲೋ ಇದ್ದು, ಆಫೀಸಿಗೆ ಹೋಗಿ ಬರುವ ದಾರಿ ನೋಡಿಕೊಂಡು, ಆಮೇಲೆ ಕರಾರಿಗೆ ಸಹಿ ಹಾಕಿ. ಹಾಸಿಗೆ ಮತ್ತು ಬಟ್ಟೆ ಮಾತ್ರ ಮೊದಲು ಬರಲಿ. ಉಳಿದ ಸಾಮಾನು ಪ್ರೊಬೇಷನ್ ಮುಗಿದ ಮೇಲೆ ತಂದರೂ ನಡೆಯುತ್ತದೆ.